ಎಂಟನೇ ಸಾಲು: ಮೂವತ್ತೊಂದು ಲೇಖನಗಳ ಹೋಲಿಕೆ ಪಟ್ಟಿಯೊಂದರ ಪ್ರಕರಣ ಅಧ್ಯಯನ

ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧದ ಲೆಕ್ಕಾಚಾರ ಹಿಡಿದುಕೊಂಡು ಬರುತ್ತಾರೆ, ಕೂತು ಮಾಡಿಸುತ್ತೇನೆ. ಇಲ್ಲಿ ಹೇಳುತ್ತಿರುವುದು ಅಂಥ ಒಬ್ಬ ವಿದ್ಯಾರ್ಥಿನಿಯ ಕೆಲಸದ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾವ ಕಾಲೇಜು, ಯಾವ ಲೇಖನಗಳು ಎಂಬುದು ತಿಳಿಯದಂತೆ ವಿವರಗಳನ್ನು ಮರೆಮಾಡಿದ್ದೇನೆ. ಅಂಕಿಗಳನ್ನೂ ಬದಲಿಸಿದ್ದೇನೆ, ಆದರೆ ಲೆಕ್ಕ ಕೆಡದ ಹಾಗೆ.

ಹಿನ್ನೆಲೆ

ಅವರು ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಎರಡನೇ ವರ್ಷದಲ್ಲಿದ್ದರು. ವಿಷಯ, ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಹಿಮೋಗ್ಲೋಬಿನ್ ಎಷ್ಟು ಏರುತ್ತದೆ ಎಂಬುದರ ವ್ಯವಸ್ಥಿತ ಪರಾಮರ್ಶೆ. ಎಲ್ಲರೂ ನೀಲಿ ಮಾತ್ರೆ ಎನ್ನುವುದು ಇದನ್ನೇ. ಕಬ್ಬಿಣ ಈಗ 60 ಮಿಲಿಗ್ರಾಂ, 2018ಕ್ಕೆ ಮೊದಲು 100 ಇತ್ತು; 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಜೊತೆಗೆ ವರ್ಷಕ್ಕೆ ಎರಡು ಸಲ ಜಂತುಹುಳದ ಮಾತ್ರೆ. ಹುಡುಕಾಟ ಮುಗಿದು, ಶೀರ್ಷಿಕೆ ಮತ್ತು ಸಾರಾಂಶ ನೋಡಿ ಬೇಡದ್ದನ್ನು ಬಿಟ್ಟು, ಪೂರ್ತಿ ಓದಿದ ಮೇಲೆ 31 ಲೇಖನಗಳು ಉಳಿದಿದ್ದವು. ಅಲ್ಲಿಯವರೆಗಿನ ಕೆಲಸ ಅಚ್ಚುಕಟ್ಟಾಗಿತ್ತು. ಎಷ್ಟು ಲೇಖನ ಏಕೆ ಬಿಟ್ಟುಹೋಯಿತು ಎಂಬುದಕ್ಕೂ ಪ್ರಿಸ್ಮಾ ನಕ್ಷೆಯಲ್ಲಿ ಲೆಕ್ಕವಿತ್ತು.

ಆ 31 ಲೇಖನಗಳಿಂದ ಮಾಹಿತಿ ತೆಗೆದು ಪಟ್ಟಿ ಮಾಡಿಕೊಂಡು ನನ್ನ ಬಳಿ ಬಂದರು. ಆರು ಕಾಲಂ: ಲೇಖಕರು ಮತ್ತು ವರ್ಷ, ಸ್ಥಳ, ಉದ್ದೇಶ, ಮಾದರಿ ಗಾತ್ರ, ವಿಧಾನ, ಫಲಿತಾಂಶ. ಒಂಬತ್ತು ಪುಟದ ಪ್ರಿಂಟ್ ಔಟ್. ಆರು ವಾರ ರಾತ್ರಿ ಡ್ಯೂಟಿ ಮುಗಿಸಿ ಬಂದು ಕೂತು ಮಾಡಿದ ಕೆಲಸ ಅದು. "ಸರ್, ಡೇಟಾ ರೆಡಿ ಇದೆ, ಮೆಟಾ ಅನಾಲಿಸಿಸ್ ಮಾಡಿಸಿಕೊಡಿ" ಎಂದರು. ಎಲ್ಲ ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ಒಂದು ಉತ್ತರ ತೆಗೆಯುವ ಲೆಕ್ಕ ಅದು.

ತೊಡಕು

ನಾನು ಪೆನ್ಸಿಲ್ ಹಿಡಿದು ಒಂದೇ ಪ್ರಶ್ನೆ ಕೇಳಿದೆ. "ಇವುಗಳಲ್ಲಿ ಎಷ್ಟು ಕಡೆ ಮಾತ್ರೆಯನ್ನು ಟೀಚರ್ ಕಣ್ಣೆದುರೇ ನುಂಗಿಸಿದ್ದಾರೆ? ಎಷ್ಟು ಕಡೆ ಮನೆಗೆ ಕೊಟ್ಟು ಕಳಿಸಿದ್ದಾರೆ?" ಮಾತ್ರೆಯ ಪರಿಣಾಮದಲ್ಲಿ ಲೇಖನದಿಂದ ಲೇಖನಕ್ಕೆ ಯಾಕಿಷ್ಟು ವ್ಯತ್ಯಾಸ ಎಂಬುದಕ್ಕೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದೇ. ಅವರು ಪುಟ ತಿರುವಿದರು. ವಿಧಾನದ ಕಾಲಂನಲ್ಲಿ ಒಂದು ಸಾಲಿಗೆ "ಶಾಲಾ ಆಧಾರಿತ ಮಧ್ಯಪ್ರವೇಶ ಅಧ್ಯಯನ" ಎಂದಿತ್ತು, ಮುಂದಿನದಕ್ಕೆ "ಪ್ರಶ್ನಾವಳಿ ಮತ್ತು ರಕ್ತಪರೀಕ್ಷೆ", ಅದರ ಮುಂದಿನದಕ್ಕೆ "ಬಹುಹಂತದ ಯಾದೃಚ್ಛಿಕ ಆಯ್ಕೆ, ಕೈ ವರ್ಗ ಪರೀಕ್ಷೆ". ಮೂರೂ ನಿಜ, ಮೂರೂ ವಿಧಾನವೇ. ಆದರೆ ಒಂದು ಅಧ್ಯಯನದ ವಿನ್ಯಾಸ, ಇನ್ನೊಂದು ಅಳತೆಯ ಸಾಧನ, ಮೂರನೆಯದು ಆಯ್ಕೆಯ ರೀತಿ ಮತ್ತು ವಿಶ್ಲೇಷಣೆ. ನನ್ನ ಪ್ರಶ್ನೆಗೆ ಉತ್ತರ ಬೇಕಾದರೆ 31 ಪಿಡಿಎಫ್‌ಗಳನ್ನೂ ಮತ್ತೆ ತೆರೆಯಬೇಕಿತ್ತು.

ಫಲಿತಾಂಶದ ಕಾಲಂ ಇನ್ನೂ ಕಷ್ಟದ್ದು. 31ರಲ್ಲಿ 19 ಕೋಶಗಳಲ್ಲಿ "ಹಿಮೋಗ್ಲೋಬಿನ್‌ನಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿದೆ" ಎಂಬ ಅರ್ಥದ ವಾಕ್ಯವಿತ್ತು. ಎಲ್ಲವೂ ಸಾರಾಂಶದ ಕೊನೆಯ ಸಾಲಿನಿಂದ ಬಂದದ್ದು. ಅದು ಲೇಖಕರ ತೀರ್ಮಾನವೇ ಹೊರತು ಅವರು ಅಳೆದ ಫಲಿತಾಂಶವಲ್ಲ.

ತುಂಬುವವರು ಪಟ್ಟಿಯನ್ನು ಅಡ್ಡಕ್ಕೆ ತುಂಬುತ್ತಾರೆ, ಒಂದು ಲೇಖನ ಮುಗಿಸಿ ಮುಂದಿನದಕ್ಕೆ ಹೋಗುತ್ತಾರೆ. ಬಳಸುವವರು ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಈ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಪ್ರತಿ ಸಾಲೂ ಅಡ್ಡಕ್ಕೆ ಚೆನ್ನಾಗಿಯೇ ಇತ್ತು, ಆ ಲೇಖನದ ಬಗ್ಗೆ ಒಳ್ಳೆಯ ಟಿಪ್ಪಣಿಯಂತೆ. ಯಾವ ಕಾಲಂ ಹಿಡಿದು ಕೆಳಗಿಳಿದರೂ ದಾರಿ ನಡುವೆ ತಪ್ಪಿಹೋಗುತ್ತಿತ್ತು. ಒಂದು ಕಾಲಂ ಎಂದರೆ ಒಂದು ಪ್ರಶ್ನೆ, 31 ಸಲವೂ ಅದೇ ಪ್ರಶ್ನೆ. "ವಿಧಾನ" ಎಂಬುದು ಪ್ರಶ್ನೆಯಲ್ಲ, ಬರೀ ತಲೆಬರಹ.

ಮೊದಲು ಮಾಡಿದ್ದು: ಐದು ಲೇಖನ, ಇಬ್ಬರು

ಗೈಡ್ ಮೇಡಂ ಜೊತೆ ಮಾತಾಡಿದೆವು. ಪಟ್ಟಿಯನ್ನು ತಿದ್ದುತ್ತಾ ಹೋಗುವುದೋ, ಹೊಸದಾಗಿ ಶುರು ಮಾಡುವುದೋ ಎಂಬ ಚರ್ಚೆ. ತಿದ್ದಿದರೆ ಹಳೆಯ ವಾಕ್ಯಗಳೇ ಕಣ್ಣಿಗೆ ಕಟ್ಟಿ, ಮೂಲ ಲೇಖನಕ್ಕೆ ಹೋಗದೇ ಅದನ್ನೇ ತಿರುಗಿಸಿ ಬರೆಯುವ ಅಪಾಯವಿತ್ತು. ಹೊಸದಾಗಿ ಶುರು ಮಾಡೋಣ, ಆದರೆ 31ಕ್ಕೆ ಕೈಹಾಕುವ ಮೊದಲು ಐದರಲ್ಲಿ ಪರೀಕ್ಷಿಸೋಣ ಎಂದು ಮೇಡಂ ನಿರ್ಧರಿಸಿದರು. ಮೊದಲ ವರ್ಷದ ಕಿರಿಯ ವಿದ್ಯಾರ್ಥಿಯೊಬ್ಬರನ್ನು ಜೊತೆಗೆ ಹಾಕಿದರು. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಅದೇ ಐದು ಲೇಖನಗಳಿಂದ ಮಾಹಿತಿ ತೆಗೆಯಬೇಕು.

ಐದನ್ನು ಆರಿಸಿದ ರೀತಿಯಲ್ಲಿ ಸ್ವಲ್ಪ ಯೋಚನೆಯಿತ್ತು. ಸಲೀಸಾದ ಐದನ್ನು ಆರಿಸಿದರೆ ನಮೂನೆಯ ದೋಷ ಕಾಣುವುದೇ ಇಲ್ಲ. ಹಾಗಾಗಿ ಬಲು ಸ್ಪಷ್ಟವಾಗಿ ಬರೆದ ಒಂದು, ಅಂಕಿಗಳೇ ಸರಿಯಾಗಿ ಇಲ್ಲದ ಒಂದು, ಮೂರು ಗುಂಪುಗಳಿದ್ದ ಒಂದು, ನಿಯಂತ್ರಣ ಗುಂಪೇ ಇಲ್ಲದ ಒಂದು, ಮತ್ತು ಮಕ್ಕಳನ್ನಲ್ಲದೆ ಇಡೀ ಶಾಲೆಗಳನ್ನೇ ಎರಡು ಗುಂಪು ಮಾಡಿದ ಒಂದನ್ನು ತೆಗೆದುಕೊಂಡೆವು. ಕೊನೆಯದು ಪಟ್ಟಿಯ ಎಂಟನೇ ಸಾಲು.

ಶನಿವಾರ ಮಧ್ಯಾಹ್ನ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟೆವು. ಐದು ಲೇಖನ, ನಾಲ್ಕು ಮುಖ್ಯ ಕಾಲಂ, ಒಟ್ಟು 20 ಕೋಶ. 11ರಲ್ಲಿ ಇಬ್ಬರ ಉತ್ತರ ಹೊಂದಲಿಲ್ಲ. ವಿಧಾನ, ಫಲಿತಾಂಶಗಳಲ್ಲಿ ಹೊಂದದಿರುವುದು ನಿರೀಕ್ಷಿತವೇ. ಬರೀ ಒಂದು ಅಂಕಿ ಬರೆಯಬೇಕಾದ ಮಾದರಿ ಗಾತ್ರದಲ್ಲೂ ಐದರಲ್ಲಿ ಮೂರು ತಾಳೆಯಾಗದೆ ಹೋದವು. ಎಂಟನೇ ಲೇಖನಕ್ಕೆ ವಿದ್ಯಾರ್ಥಿನಿ 420 ಎಂದು ಬರೆದಿದ್ದರು, ಕಿರಿಯರು 380.

ಮಾದರಿ ಗಾತ್ರ ಒಂದೇ ಅಂಕಿಯಲ್ಲ

ಲೇಖನ ತೆರೆದೆವು. 380 ಎಂಬುದು ವಿಧಾನದ ಭಾಗದಲ್ಲಿ ಸೂತ್ರ ಹಾಕಿ ಲೆಕ್ಕ ಮಾಡಿದ, ಕನಿಷ್ಠ ಬೇಕಾದ ಸಂಖ್ಯೆ. 420 ಎಂಬುದು ಸಾರಾಂಶದಲ್ಲಿದ್ದ, ನಿಜವಾಗಿ ನೋಂದಾಯಿಸಿಕೊಂಡ ಸಂಖ್ಯೆ. ಮೊದಲ ಕೋಷ್ಟಕದ ತಲೆಯಲ್ಲಿ 402 ಇತ್ತು, ಅಂದರೆ ಮೊದಲ ದಿನ ರಕ್ತ ಕೊಟ್ಟವರು. ಮೂರನೇ ಕೋಷ್ಟಕದಲ್ಲಿ, ಹಿಮೋಗ್ಲೋಬಿನ್ ಹೋಲಿಕೆ ಇದ್ದ ಜಾಗದಲ್ಲಿ, ಪ್ರತಿ ಗುಂಪಿಗೆ 144, ಒಟ್ಟು 288. ಉಳಿದವರು ಪರೀಕ್ಷೆ ರಜೆಗೆ ಹೋದವರು, ಎರಡನೇ ಸಲ ರಕ್ತ ಕೊಡಲು ಒಪ್ಪದವರು, ಶಾಲೆ ಬಿಟ್ಟವರು.

ನಾಲ್ಕೂ ಆ ಅಧ್ಯಯನದ ಮಾದರಿ ಗಾತ್ರವೇ. ಯಾರೂ ತಪ್ಪು ಬರೆದಿರಲಿಲ್ಲ. ನಮೂನೆಯಲ್ಲಿ ಯಾವುದನ್ನು ಬರೆಯಬೇಕೆಂದು ಹೇಳಿರಲಿಲ್ಲ, ಅಷ್ಟೇ. ಫಲಿತಾಂಶದ ಪಕ್ಕ ನಿಲ್ಲಬೇಕಾದದ್ದು ಆ ಫಲಿತಾಂಶ ಯಾರಿಂದ ಬಂತೋ ಅವರ ಸಂಖ್ಯೆ, ಅಂದರೆ 288. ಆದರೆ 420 ಅನ್ನು ಬಿಸಾಡುವಂತೆಯೂ ಇಲ್ಲ. 420ರಲ್ಲಿ 132 ಮಂದಿ ಕೊನೆಯವರೆಗೆ ಉಳಿಯಲಿಲ್ಲ ಎಂಬುದು, ಮೂವರಲ್ಲಿ ಒಬ್ಬರಿಗೆ ಹತ್ತಿರ, ಆ ಅಧ್ಯಯನವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ನೇರ ಸಂಬಂಧಿಸಿದ ಮಾಹಿತಿ. ಮಾತ್ರೆ ತಿಂದು ಹೊಟ್ಟೆ ತೊಳಸಿದವರೇ ಬಿಟ್ಟುಹೋಗಿದ್ದರೆ, ಉಳಿದವರ ಏರಿಕೆ ಎಲ್ಲರ ಏರಿಕೆಯಲ್ಲ.

ಆ ದಿನದ ನಿರ್ಧಾರ ಹೀಗಿತ್ತು: ಮಾದರಿ ಗಾತ್ರವನ್ನು ಮೂರು ಕಾಲಂ ಮಾಡುವುದು. ಸೇರಿಸಿಕೊಂಡವರು, ಗುಂಪುವಾರು ವಿಶ್ಲೇಷಣೆಗೆ ಉಳಿದವರು, ಮತ್ತು ಗುಂಪು ಮಾಡಿದ ಘಟಕ ಯಾವುದು, ಎಷ್ಟು. ಎಂಟನೇ ಲೇಖನದಲ್ಲಿ ಘಟಕ ಶಾಲೆ, ಒಟ್ಟು 8 ಶಾಲೆ. ಒಂದೇ ಶಾಲೆಯ ಮಕ್ಕಳು ಒಂದೇ ಬಿಸಿಯೂಟ ಉಣ್ಣುತ್ತಾರೆ, ಒಬ್ಬರೇ ಟೀಚರ್ ಮಾತ್ರೆ ಕೊಡುತ್ತಾರೆ, ಹಾಗಾಗಿ ಅವರ ಅಂಕಿಗಳು ಒಂದಕ್ಕೊಂದು ಹತ್ತಿರವಿರುತ್ತವೆ. 288 ಮಂದಿ ಇದ್ದರೂ ಅವರಿಂದ ಸಿಗುವ ಮಾಹಿತಿ 288 ಬಿಡಿ ಮಕ್ಕಳಿಂದ ಸಿಗುವುದಕ್ಕಿಂತ ಕಡಿಮೆ. ಶಾಲೆಗೆ ಸರಾಸರಿ 36 ಮಂದಿ, ಶಾಲೆಯೊಳಗಿನ ಹೋಲಿಕೆಯ ಗುಣಾಂಕ 0.03 ಎಂದು ಹಿಡಿದರೂ ವಿನ್ಯಾಸ ಪರಿಣಾಮ 1 + 35 × 0.03, ಅಂದರೆ 2.05. 288 ಸುಮಾರು 140ಕ್ಕೆ ಇಳಿಯುತ್ತದೆ. ಶಾಲೆಗಳ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ಲೆಕ್ಕ ಮಾಡಬೇಕೆಂಬುದು ಮುಂದೆ ಯಾರಿಗೂ ಹೊಳೆಯುವುದೇ ಇಲ್ಲ.

ಪ್ಲಸ್ ಮೈನಸ್ ಆಚೆಗಿನ ಅಂಕಿ

ಫಲಿತಾಂಶದ ಕಾಲಂನಲ್ಲಿ ವಾಕ್ಯ ಬರೆಯಬಾರದು, ಅಂಕಿ ಬರೆಯಬೇಕು ಎಂದು ತೀರ್ಮಾನಿಸಿದೆವು. ಪ್ರತಿ ಗುಂಪಿನ ಸರಾಸರಿ, ಅದರ ಎಸ್‌ಡಿ, ಅಂದರೆ ಬಿಡಿ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ, ಮತ್ತು ಸಂಖ್ಯೆ. ಪಕ್ಕದಲ್ಲಿ ಅದು ಲೇಖನದ ಯಾವ ಪುಟ, ಯಾವ ಕೋಷ್ಟಕದಿಂದ ಬಂತು ಎಂಬ ವಿಳಾಸ. ಎಂಟನೆಯದರಲ್ಲಿ ಹೀಗಿತ್ತು: ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ 11.4 ± 0.12, ಇನ್ನೊಂದರಲ್ಲಿ 11.0 ± 0.13. ಇಬ್ಬರೂ 0.12 ಅನ್ನು ಎಸ್‌ಡಿ ಕಾಲಂಗೆ ಹಾಕಿದ್ದರು. ಇಬ್ಬರ ಉತ್ತರವೂ ಹೊಂದಿತು. ಹೊಂದಿದ್ದರಿಂದಲೇ ಅದು ಯಾರ ಕಣ್ಣಿಗೂ ಬೀಳದೆ ಮುಂದೆ ಹೋಗುತ್ತಿತ್ತು.

ನನಗೆ ಅನುಮಾನ ಬಂದದ್ದು ಅಂಕಿಯ ಗಾತ್ರ ನೋಡಿ. ಹದಿಹರೆಯದ ಹುಡುಗಿಯರ ಒಂದು ಗುಂಪಿನಲ್ಲಿ ಹಿಮೋಗ್ಲೋಬಿನ್ 9 ಇರುವವರೂ ಇರುತ್ತಾರೆ, 13 ಇರುವವರೂ ಇರುತ್ತಾರೆ. ಅಂಥ ಗುಂಪಿನ ಎಸ್‌ಡಿ ಸಾಮಾನ್ಯವಾಗಿ 1ರಿಂದ 1.5 ಗ್ರಾಂ. 0.12 ಎಂದರೆ ಹೆಚ್ಚುಕಡಿಮೆ ಎಲ್ಲ 144 ಹುಡುಗಿಯರದೂ 11.1 ಮತ್ತು 11.7ರ ನಡುವೆ ಇತ್ತು ಎಂದರ್ಥ. ಯಾವ ಶಾಲೆಯಲ್ಲೂ ಹಾಗಿರುವುದಿಲ್ಲ. ಕೋಷ್ಟಕದ ಕೆಳಗೆ ± ಎಂದರೇನೆಂದು ಬರೆದಿರಲಿಲ್ಲ. ಅದು ಎಸ್‌ಇ, ಅಂದರೆ ಸರಾಸರಿಯ ಪ್ರಮಾಣಿತ ದೋಷ ಇರಬೇಕು ಎಂದುಕೊಂಡು ತಿರುಗಿಸಿದೆವು:

```
SD = SE × √n
0.12 × √144 = 1.44
0.13 × √144 = 1.56
```

1.44, 1.56. ಇವು ನಂಬುವಂಥ ಅಂಕಿಗಳು. ಆದರೆ ನಂಬುವಂತಿದೆ ಎಂಬುದಷ್ಟೇ ಸಾಲದು, ಲೇಖನದೊಳಗಿನ ಬೇರೆ ಅಂಕಿಯೊಂದು ಅದಕ್ಕೆ ಸಾಕ್ಷಿ ಹೇಳಬೇಕು. ಪಠ್ಯದಲ್ಲಿ ಪಿ ಮೌಲ್ಯ 0.02 ಎಂದಿತ್ತು. ವ್ಯತ್ಯಾಸ 0.4. ± ಅಂಕಿಗಳು ಎಸ್‌ಇ ಆಗಿದ್ದರೆ ವ್ಯತ್ಯಾಸದ ಎಸ್‌ಇ ಸುಮಾರು 0.177, ಟಿ ಮೌಲ್ಯ 2.26, ಪಿ ಮೌಲ್ಯ 0.02. ಸರಿಯಾಗಿ ಕೂತಿತು. ಅವು ಎಸ್‌ಡಿ ಆಗಿದ್ದರೆ ಟಿ ಮೌಲ್ಯ 27ರ ಆಸುಪಾಸು, ಪಿ ಮೌಲ್ಯ 0.001ಕ್ಕಿಂತ ಎಷ್ಟೋ ಕೆಳಗಿರಬೇಕಿತ್ತು. ಈ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಬಿತ್ತು. ಬರೀ 144 ಮತ್ತು 144 ಹಾಕಿದರೆ ಲೇಖಕರ ಪಿ ಮೌಲ್ಯವೇ ಬರುತ್ತದೆ, ಅಂದರೆ ಮಕ್ಕಳು ಎಂಟು ಶಾಲೆಗಳಿಗೆ ಸೇರಿದವರೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈ ಒಂದು ಕೋಶ ಹಾಗೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ವಿದ್ಯಾರ್ಥಿನಿಯ ಕೈಯಲ್ಲೇ ಲೆಕ್ಕ ಮಾಡಿಸಿದೆ. ಮೆಟಾ ಅನಾಲಿಸಿಸ್‌ನ ಸ್ಥಿರ ಪರಿಣಾಮ ಮಾದರಿಯಲ್ಲಿ ಒಂದು ಅಧ್ಯಯನಕ್ಕೆ ಸಿಗುವ ತೂಕ ಅದರ ದೋಷದ ವರ್ಗಕ್ಕೆ ವಿಲೋಮ. ಎಸ್‌ಇಯನ್ನು ಎಸ್‌ಡಿ ಎಂದು ಬಗೆದು ಮತ್ತೆ √144ರಿಂದ ಭಾಗಿಸಿದರೆ ದೋಷ 12 ಪಟ್ಟು ಕುಗ್ಗುತ್ತದೆ, ತೂಕ 144 ಪಟ್ಟು ಹಿಗ್ಗುತ್ತದೆ. ಮೂರರಲ್ಲೊಂದು ಪಾಲು ಮಕ್ಕಳನ್ನು ಕಳೆದುಕೊಂಡ ಆ ಅಧ್ಯಯನವೇ ಉಳಿದವನ್ನೆಲ್ಲ ಹಿಂದೆ ತಳ್ಳಿ ಉತ್ತರ ಹೇಳುತ್ತಿತ್ತು. ಮಾದರಿ ಗಾತ್ರ 420 ಎಂದೇ ಉಳಿದಿದ್ದರೆ, ತಿರುಗಿಸುವ ಲೆಕ್ಕದಲ್ಲಿ √144ರ ಬದಲು √210 ಹಾಕಿ 1.44ರ ಜಾಗದಲ್ಲಿ 1.74 ಬರುತ್ತಿತ್ತು.

ಆಮೇಲೆ ಎಸ್‌ಡಿ ಕಾಲಂ ಒಂದನ್ನೇ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನೋಡುವುದನ್ನು ರೂಢಿ ಮಾಡಿಕೊಂಡರು. 31 ಲೇಖನ ಮುಗಿದಾಗ ಇಂಥವು ಇನ್ನೂ ಎರಡು ಸಿಕ್ಕವು, ಎರಡೂ ಆ ಸಾಲಿನ ತುದಿಯಲ್ಲೇ.

ವಿಧಾನದ ಕಾಲಂ ಒಡೆದದ್ದು

ಎಷ್ಟು ಕಾಲಂ ಮಾಡಬೇಕೆಂಬ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯ ಬಂತು. ವಿದ್ಯಾರ್ಥಿನಿ ಉತ್ಸಾಹದಲ್ಲಿ 40 ಕಾಲಂ ಬರೆದು ತಂದರು. ಜಾತಿ, ತಾಯಿಯ ಓದು, ಮುಟ್ಟಿನ ವಿವರ, ಎಲ್ಲ. ಮೇಡಂ ಒಂದೊಂದರ ಮೇಲೂ ಬೆರಳಿಟ್ಟು, "ಇದನ್ನ ಬರಹದಲ್ಲಿ ಯಾವ ವಾಕ್ಯಕ್ಕೆ ಬಳಸ್ತೀಯಮ್ಮ?" ಎಂದು ಕೇಳಿದರು. ಉತ್ತರವಿಲ್ಲದವು ಹೋದವು. ವಿಧಾನದ ಜಾಗದಲ್ಲಿ ನಾಲ್ಕು ಉಳಿದವು: ವಿನ್ಯಾಸ, ಮಾತ್ರೆ ನುಂಗಿಸಿದ್ದು ಯಾರ ಎದುರು, ಎಷ್ಟು ವಾರ, ಹಿಮೋಗ್ಲೋಬಿನ್ ಅಳೆದದ್ದು ಹೇಗೆ.

ಕೊನೆಯದಕ್ಕೆ ನಾನೇ ಪಟ್ಟು ಹಿಡಿದೆ. ಸಾಹ್ಲಿ ವಿಧಾನದಲ್ಲಿ ರಕ್ತವನ್ನು ಆಮ್ಲದಲ್ಲಿ ಕಲಸಿ, ನೀರು ಹಾಕುತ್ತಾ, ಕೊಳವೆಯ ಕಂದು ಬಣ್ಣ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಕಣ್ಣಲ್ಲೇ ನೋಡುತ್ತಾರೆ. ಕಿಟಕಿಯ ಬೆಳಕು ಬದಲಾದರೂ ಅಂಕಿ ಬದಲಾಗುತ್ತದೆ. ಬೆರಳಿನಿಂದ ತೆಗೆದ ಹನಿಯನ್ನು ಹಿಮೋಕ್ಯೂ ಯಂತ್ರದಲ್ಲಿ ಓದುವುದು ಬೇರೆ, ತೋಳಿನ ರಕ್ತನಾಳದಿಂದ ತೆಗೆದದ್ದನ್ನು ಲ್ಯಾಬಿನ ಆಟೋ ಅನಲೈಸರ್‌ಗೆ ಹಾಕುವುದು ಬೇರೆ. ಅರ್ಧ ಗ್ರಾಂ ಏರಿಕೆ ಹುಡುಕುತ್ತಿರುವಾಗ ಇವನ್ನೆಲ್ಲ ಒಂದೇ ಎಂದುಕೊಳ್ಳುವಂತಿಲ್ಲ.

ಒಂಬತ್ತು ಲೇಖನಗಳಲ್ಲಿ "ಪ್ರಮಾಣಿತ ವಿಧಾನದಿಂದ ಅಳೆಯಲಾಯಿತು" ಎಂದಷ್ಟೇ ಇತ್ತು. ಹಳೆಯ ಪಟ್ಟಿಯಲ್ಲಿ ಅದನ್ನೇ ನಕಲು ಮಾಡಿದ್ದರಿಂದ ಕೋಶ ತುಂಬಿದಂತೆ ಕಾಣುತ್ತಿತ್ತು. ಹೊಸದರಲ್ಲಿ ಅಲ್ಲಿ "ವರದಿಯಾಗಿಲ್ಲ" ಎಂದು ಬರೆದರು. ಖಾಲಿ ಕೋಶ ಎಂದರೆ ಇನ್ನೂ ನೋಡಿಲ್ಲ, "ವರದಿಯಾಗಿಲ್ಲ" ಎಂದರೆ ಪೂರ್ತಿ ಹುಡುಕಿದೆವು, ಇಲ್ಲ. ನಿಯಂತ್ರಣ ಗುಂಪೇ ಇಲ್ಲದ ಅಧ್ಯಯನದಲ್ಲಿ ನಿಯಂತ್ರಣ ಗುಂಪಿನ ಸರಾಸರಿಗೆ "ಅನ್ವಯಿಸದು". ಈ ಮೂರನ್ನು ಬೆರೆಸಬಾರದೆಂಬ ನಿಯಮ ಹಾಳೆಯ ತಲೆಯಲ್ಲೇ ಬರೆದಿಟ್ಟರು.

ಉದ್ದೇಶದ ಕಾಲಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೀಠಿಕೆಯ ಕೊನೆಯಲ್ಲಿರುವ ವಾಕ್ಯವನ್ನು ಲೇಖಕರ ಮಾತಿನಲ್ಲೇ ತೆಗೆದುಕೊಂಡು, ಪಕ್ಕದಲ್ಲಿ ಅವರು ಮುಖ್ಯ ಎಂದ ಅಳತೆ ಯಾವುದೆಂದು ಬರೆದರು. ಎರಡು ಲೇಖನಗಳಲ್ಲಿ ಉದ್ದೇಶ ರಕ್ತಹೀನತೆಯಾಗಿತ್ತು, ಫಲಿತಾಂಶದಲ್ಲಿ ಬರೀ ಮಾತ್ರೆ ತಿಂದವರ ಪ್ರಮಾಣವಿತ್ತು.

ಒಂದೇ ಎಂಟು ಶಾಲೆಗಳು

ಇಪ್ಪತ್ತಮೂರನೇ ಲೇಖನ ಮಾಡುತ್ತಿದ್ದಾಗ ಕಿರಿಯರು ಫೋನ್ ಮಾಡಿದರು. "ಸರ್, ಇದೂ ಎಂಟು ಶಾಲೆ. ಎಥಿಕ್ಸ್ ಕಮಿಟಿ ನಂಬರ್ ಕೂಡ ಎಂಟನೆಯದರದ್ದೇ." ಬೇರೆ ಪತ್ರಿಕೆ, ಎರಡು ವರ್ಷದ ನಂತರ, ಮೊದಲ ಲೇಖಕರೂ ಬೇರೆ. ಆದರೆ ಮಕ್ಕಳು ಅವರೇ. ಮೊದಲನೆಯದು 26 ವಾರದ ಫಲಿತಾಂಶ, ಇದು 52 ವಾರದ್ದು. ಶೀರ್ಷಿಕೆ ನೋಡಿ ಪತ್ತೆಯಾಗುವಂಥದ್ದಲ್ಲ. ಶಾಲೆಗಳ ಸಂಖ್ಯೆಗೆ ಪ್ರತ್ಯೇಕ ಕಾಲಂ ಇದ್ದುದರಿಂದಲೇ ಅವರ ಕಣ್ಣು ಅಲ್ಲಿ ನಿಂತಿತು.

ಎರಡು ಸಾಲಾಗಿ ಉಳಿದಿದ್ದರೆ ಅದೇ ಹುಡುಗಿಯರನ್ನು ಎರಡು ಸಲ ಎಣಿಸಿದಂತಾಗುತ್ತಿತ್ತು. ಪರಾಮರ್ಶೆಯಲ್ಲಿ ಎಣಿಸಬೇಕಾದದ್ದು ಅಧ್ಯಯನಗಳನ್ನೇ ಹೊರತು ಲೇಖನಗಳನ್ನಲ್ಲ. ಇವೆರಡನ್ನೂ `S08a`, `S08b` ಎಂದು ಒಂದೇ ಅಧ್ಯಯನದ ಕೆಳಗೆ ತಂದರು. ಯಾವ ಅವಧಿಯ ಫಲಿತಾಂಶ ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಎದ್ದಿತು. ಬಹುಪಾಲು ಅಧ್ಯಯನಗಳು ಆರು ತಿಂಗಳಿನದ್ದಾದ್ದರಿಂದ 26 ವಾರದ್ದನ್ನು ಮುಖ್ಯ ಲೆಕ್ಕಕ್ಕೆ, 52 ವಾರದ್ದನ್ನು ಬರಹದಲ್ಲಿ ಪ್ರಸ್ತಾಪಕ್ಕೆ ಎಂದು ಮೇಡಂ ತೀರ್ಮಾನಿಸಿದರು. ಈ ತೀರ್ಮಾನ ಬರೆದಾಗ ಎರಡರ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ಯಾವುದು ಚೆನ್ನಾಗಿದೆ ಎಂದು ನೋಡಿರಲಿಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿದೆವು.

ನಡುವೆ ಎಕ್ಸೆಲ್ ಕೂಡ ಒಂದು ತೊಂದರೆ ಕೊಟ್ಟಿತು. ವಯಸ್ಸಿನ ಕಾಲಂನಲ್ಲಿ 10-12 ಎಂದು ಟೈಪ್ ಮಾಡಿದರೆ `10-Dec` ಆಗುತ್ತಿತ್ತು, 10-19 ಎಂದರೆ `Oct-19`. 13-15 ಮಾತ್ರ ತಾರೀಖಾಗಲು ಬಾರದೆ ಹಾಗೇ ಉಳಿಯುತ್ತಿತ್ತು, ಹಾಗಾಗಿ ಕೆಲವು ದಿನ ಗಮನಕ್ಕೆ ಬರಲಿಲ್ಲ. ಇಲ್ಲಿ ವಯಸ್ಸು ಸಣ್ಣ ವಿಷಯವಲ್ಲ. ರಕ್ತಹೀನತೆಯ ಗಡಿ 12 ವರ್ಷ ತುಂಬಿದ ಹುಡುಗಿಗೆ 12 ಗ್ರಾಂ, ಅದಕ್ಕಿಂತ ಚಿಕ್ಕವಳಿಗೆ 11.5. ಕಾಲಂ ಅನ್ನು ಟೈಪ್ ಮಾಡುವ ಮೊದಲೇ ಟೆಕ್ಸ್ಟ್ ಎಂದು ಬದಲಿಸಿ, ವಯಸ್ಸನ್ನು ಕನಿಷ್ಠ, ಗರಿಷ್ಠ ಎಂದು ಎರಡು ಕೋಶ ಮಾಡಿದ ಮೇಲೆ ಆ ಕಾಟ ನಿಂತಿತು.

ಏನಾಯಿತು

ಎರಡನೇ ಸುತ್ತು ಹತ್ತು ವಾರ ಹಿಡಿಯಿತು. ಇಬ್ಬರೂ ಬೇರೆಬೇರೆ ತುಂಬುವುದು, ಶನಿವಾರ ಹೋಲಿಸುವುದು, ಇಬ್ಬರೂ ಲೇಖನ ತೆರೆದು ಮಾತಾಡಿದರೂ ಬಗೆಹರಿಯದ್ದನ್ನು ಮೇಡಂ ಮುಂದಿಡುವುದು. ಕೊನೆಗೆ 31 ಲೇಖನಗಳಿಂದ 30 ಅಧ್ಯಯನಗಳಾದವು. ಎರಡು ಬಗೆಯ ಪಟ್ಟಿ ಉಳಿದವು. ಒಂದು 22 ಕಾಲಂಗಳ ಕೆಲಸದ ಹಾಳೆ, ಪ್ರತಿ ಅಂಕಿಯ ವಿಳಾಸದ ಸಮೇತ, ಅನುಬಂಧಕ್ಕೆ. ಇನ್ನೊಂದು ಅದರಿಂದ ಆರಿಸಿದ ಏಳು ಕಾಲಂ, ಓದುಗರ ಕಣ್ಣಿಗೆ. ಎಂಟನೇ ಸಾಲು ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ಇಲ್ಲಿ ಇಟ್ಟಿದ್ದೇನೆ.

| ಕಾಲಂ | ಮೊದಲ ಪಟ್ಟಿ | ಕೊನೆಯ ಪಟ್ಟಿ |
|---|---|---|
| ಮಾದರಿ ಗಾತ್ರ | 420 | ಸೇರಿದವರು 420. ವಿಶ್ಲೇಷಿಸಿದವರು 144 + 144. 8 ಶಾಲೆ |
| ವಿಧಾನ | ಶಾಲಾ ಆಧಾರಿತ ಮಧ್ಯಪ್ರವೇಶ ಅಧ್ಯಯನ | ಶಾಲೆವಾರು ಗುಂಪು, ಟೀಚರ್ ಎದುರು, 26 ವಾರ, ಹಿಮೋಕ್ಯೂ |
| ಫಲಿತಾಂಶ | ಗಮನಾರ್ಹ ಸುಧಾರಣೆ | 11.4 (1.44), 11.0 (1.56), ಎಸ್‌ಇಯಿಂದ ಲೆಕ್ಕ ಹಾಕಿದ್ದು, ಕೋಷ್ಟಕ 3 |

ಎಸ್‌ಇ ಎಂಬುದು ನಮ್ಮ ಊಹೆಯಷ್ಟೇ ಆಗಬಾರದೆಂದು ವಿದ್ಯಾರ್ಥಿನಿ ಆ ಮೂರೂ ಲೇಖನಗಳ ಲೇಖಕರಿಗೆ ಇಮೇಲ್ ಬರೆದರು. ಒಬ್ಬರು ಎರಡೇ ದಿನದಲ್ಲಿ ಹೌದೆಂದು ಉತ್ತರಿಸಿದರು. ಇನ್ನೊಬ್ಬರ ವಿಳಾಸವೇ ಚಾಲ್ತಿಯಲ್ಲಿರಲಿಲ್ಲ. ಎಂಟನೆಯವರಿಂದ ಉತ್ತರ ಬರಲಿಲ್ಲ. ಹಾಗಾಗಿ ಆ ಎರಡು ಅಧ್ಯಯನಗಳನ್ನು ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ ಲೆಕ್ಕ ಮಾಡಿ ಎರಡನ್ನೂ ಕೊಟ್ಟರು.

ಲೇಖನ ಪತ್ರಿಕೆಗೆ ಹೋದಾಗ ವಿಮರ್ಶಕರೊಬ್ಬರು ಬರೆದಿದ್ದರು: ಎಂಟನೇ ಅಧ್ಯಯನದ ಎಸ್‌ಡಿ 1.44 ಎಂದು ಕೊಟ್ಟಿದ್ದೀರಿ, ಮೂಲದಲ್ಲಿ ಆ ಅಂಕಿ ಎಲ್ಲೂ ಇಲ್ಲವಲ್ಲ. ವಿದ್ಯಾರ್ಥಿನಿ ಆ ಸಂಜೆ ನನ್ನ ಕೋಣೆಗೆ ಬಂದರು. ನಾನು ಏನೂ ಹೇಳಬೇಕಾಗಲಿಲ್ಲ. ಹಾಳೆ ತೆರೆದು, ಎಂಟನೇ ಸಾಲಿನ ವಿಳಾಸದ ಕೋಶ ತೋರಿಸಿ, ಪುಟದ ಸಂಖ್ಯೆ, ಮೂರನೇ ಕೋಷ್ಟಕ, ಪಿ ಮೌಲ್ಯದ ತಾಳೆ, ಮತ್ತು ಒಂದು ಸಾಲು `=G8*SQRT(F8)` ಇಷ್ಟನ್ನೇ ಉತ್ತರವಾಗಿ ಟೈಪ್ ಮಾಡಿ ಕಳಿಸಿದರು.